ಪೊಟ್ಟಣದ ಮುಂಭಾಗದ ಮಾತು, ಹಿಂಭಾಗದ ಲೆಕ್ಕ: 'ಮಲ್ಟಿಗ್ರೇನ್', 'ನೋ ಆಡೆಡ್ ಶುಗರ್', 'ನ್ಯಾಚುರಲ್' ಎಂಬುವನ್ನು ಪರೀಕ್ಷಿಸುವ ಬಗೆ

ಬೆಂಗಳೂರು: ಹನ್ನೆರಡು ವರ್ಷಗಳಿಂದ ಮಧುಮೇಹವಿರುವ ಈ ವರದಿಗಾರನ ತಂದೆಯವರು ಬೆಳಿಗ್ಗೆ ಕಾಫಿಯ ಜತೆ ಎರಡು ಬಿಸ್ಕತ್ತು ಮಾತ್ರ ತಿನ್ನುವ ನಿಯಮವನ್ನು ಬಹುಕಾಲ ಪಾಲಿಸಿಕೊಂಡು ಬಂದಿದ್ದರು. ಕಳೆದ ವರ್ಷ ಮನೆಗೆ 'ಸಕ್ಕರೆ ಸೇರಿಸಿಲ್ಲ' ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ ಬಿಸ್ಕತ್ತು ಬಂದಿತು. ಎರಡು ನಾಲ್ಕಾಯಿತು, ಬೆಳಗಿನ ಕಾಫಿಯ ಜತೆಗೆ ಸಂಜೆಯ ಕಾಫಿಗೂ ನಾಲ್ಕು ಸೇರಿಕೊಂಡವು. ಮೂರು ತಿಂಗಳ ಬಳಿಕ ರಕ್ತಪರೀಕ್ಷೆ ಮಾಡಿಸಿದಾಗ ಸಕ್ಕರೆಯ ಸರಾಸರಿ ಮಟ್ಟ ಏರಿತ್ತು. "ಅದರಲ್ಲಿ ಸಕ್ಕರೆಯೇ ಇಲ್ಲ ಅಂತ ಬರೆದಿದೆಯಲ್ಲ ಡಾಕ್ಟ್ರೇ" ಎಂದು ತಂದೆಯವರು ಕೇಳಿದರು. ವೈದ್ಯರು ಕೊಟ್ಟ ಉತ್ತರ ಚಿಕ್ಕದು: "ಮುಂದಿನ ಸಲ ಬರುವಾಗ ಪೊಟ್ಟಣ ತನ್ನಿ. ಮುಂಭಾಗ ಬೇಡ, ಹಿಂಭಾಗ ಓದೋಣ."

ಹಿಂಭಾಗವನ್ನು ಓದುವ ಆ ಕ್ರಮವೇ ಈ ಲೇಖನದ ವಿಷಯ. ಪೊಟ್ಟಣದ ಮೇಲಿನ ಸುಳ್ಳಿಗಿಂತಲೂ ಅರ್ಧಸತ್ಯವೇ ಗ್ರಾಹಕನನ್ನು ಹೆಚ್ಚಾಗಿ ದಾರಿ ತಪ್ಪಿಸುತ್ತದೆ. ಆ ಅರ್ಧಸತ್ಯವನ್ನು ಬಯಲು ಮಾಡುವ ಸಾಮಗ್ರಿಯೂ ಅದೇ ಪೊಟ್ಟಣದ ಮೇಲೆ, ಸಣ್ಣ ಅಕ್ಷರಗಳಲ್ಲಿ, ಕಾನೂನಿನ ಒತ್ತಾಯದಿಂದ ಮುದ್ರಿತವಾಗಿರುತ್ತದೆ. ಕೆಳಗೆ ಉದಾಹರಣೆಗೆ ತೆಗೆದುಕೊಂಡ ಪಟ್ಟಿಗಳು ಮಾರುಕಟ್ಟೆಯಲ್ಲಿ ಕಾಣುವ ಮಾದರಿಯನ್ನು ಅನುಸರಿಸಿ ಸಿದ್ಧಪಡಿಸಿದವು. ಯಾವುದೇ ಒಂದು ಕಂಪನಿಯ ಪೊಟ್ಟಣವನ್ನು ಕುರಿತವಲ್ಲ.

ಹಿಂಭಾಗದಲ್ಲಿ ಏನಿರಬೇಕು?

ಭಾರತದಲ್ಲಿ ಪೊಟ್ಟಣದ ಆಹಾರಕ್ಕೆ ಮೂಲ ಕಾನೂನು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ. ಅದರಡಿ ರಚಿತವಾದ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಹೊರಡಿಸಿರುವ ಎರಡು ನಿಯಮಾವಳಿಗಳು ನಮ್ಮ ವಿಷಯಕ್ಕೆ ಸಂಬಂಧಿಸಿದವು. ಜಾಹೀರಾತು ಮತ್ತು ಹೇಳಿಕೆಗಳನ್ನು ಕುರಿತ 2018ರ ನಿಯಮಾವಳಿ ಪೊಟ್ಟಣದ ಮುಂಭಾಗದಲ್ಲಿ ಏನು ಹೇಳಬಹುದು, ಏನು ಹೇಳಬಾರದು ಎಂಬುದನ್ನು ನಿರ್ಧರಿಸುತ್ತದೆ. ಲೇಬಲ್‌ಗಳನ್ನು ಕುರಿತ 2020ರ ನಿಯಮಾವಳಿ ಹಿಂಭಾಗದಲ್ಲಿ ಏನನ್ನು ಕಡ್ಡಾಯವಾಗಿ ಹೇಳಬೇಕು ಎಂಬುದನ್ನು ಗೊತ್ತುಪಡಿಸುತ್ತದೆ.

ಕಡ್ಡಾಯ ಮಾಹಿತಿ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕೆಂಬುದು ನಿಯಮ, ಕನ್ನಡ ಐಚ್ಛಿಕ. ಆದುದರಿಂದಲೇ ಮುಂಭಾಗದ ಚಿತ್ರ ಎಲ್ಲರಿಗೂ ಅರ್ಥವಾಗುತ್ತದೆ, ಹಿಂಭಾಗದ ಪಟ್ಟಿ ಅನೇಕರಿಗೆ ಅರ್ಥವಾಗುವುದಿಲ್ಲ. ಲೇಖನದ ಕೊನೆಯಲ್ಲಿ ಆಗಾಗ ಎದುರಾಗುವ ಪದಗಳ ಅರ್ಥವನ್ನು ಕೊಡಲಾಗಿದೆ.

ಪದಾರ್ಥಗಳ ಪಟ್ಟಿಯನ್ನು ಓದಲು ಮೂರು ಸೂತ್ರಗಳು ಸಾಕು. ಮೊದಲನೆಯದು, ತಯಾರಿಸುವ ಹೊತ್ತಿನಲ್ಲಿ ಯಾವ ಪದಾರ್ಥದ ತೂಕ ಹೆಚ್ಚೋ ಅದು ಮೊದಲು ಬರಬೇಕು, ಕಡಿಮೆಯದು ನಂತರ ಬರಬೇಕು. ಎರಡನೆಯದು, ಲೇಬಲ್‌ನ ಮೇಲೆ ಮಾತಿನಿಂದಾಗಲಿ ಚಿತ್ರದಿಂದಾಗಲಿ ಯಾವ ಪದಾರ್ಥವನ್ನು ಎತ್ತಿ ತೋರಿಸಲಾಗಿದೆಯೋ ಅದರ ಶೇಕಡಾವಾರು ಪ್ರಮಾಣವನ್ನು ಹೇಳಬೇಕು. ಕೇವಲ ಸುವಾಸನೆಗಾಗಿ ಬಳಸಿದ ಅಲ್ಪ ಪ್ರಮಾಣಕ್ಕೆ ರಿಯಾಯಿತಿ ಉಂಟು. ಮೂರನೆಯದು, ಪಟ್ಟಿಯ ಪಕ್ಕದಲ್ಲಿಯೇ ಇರುವ ಪೋಷಕಾಂಶಗಳ ಕೋಷ್ಟಕದಲ್ಲಿ 100 ಗ್ರಾಂಗೆ ಎಷ್ಟು ಶಕ್ತಿ, ಪ್ರೋಟೀನ್, ಕಾರ್ಬೋಹೈಡ್ರೇಟ್, ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆ, ಕೊಬ್ಬು ಮತ್ತು ಸೋಡಿಯಂ ಎಂಬುದು ನಮೂದಾಗಿರಬೇಕು. ಪಟ್ಟಿ ಬಚ್ಚಿಟ್ಟದ್ದನ್ನು ಕೋಷ್ಟಕ ಬಹುಮಟ್ಟಿಗೆ ಹೇಳಿಬಿಡುತ್ತದೆ.

'ಮಲ್ಟಿಗ್ರೇನ್': ಎಷ್ಟು ಧಾನ್ಯ, ಎಷ್ಟು ಗ್ರಾಂ?

'ಮಲ್ಟಿಗ್ರೇನ್' ಎಂಬ ಪದದ ಅರ್ಥ ಹಲವು ಧಾನ್ಯಗಳಿವೆ ಎಂದಷ್ಟೆ. ಎಷ್ಟಿವೆ ಎಂದಾಗಲಿ, ಅವು ಹೊಟ್ಟು ಸಹಿತವಾದ ಪೂರ್ಣ ಧಾನ್ಯಗಳೆಂದಾಗಲಿ ಅದು ಹೇಳುವುದಿಲ್ಲ. ಐದು ಧಾನ್ಯಗಳ ಬಿಸ್ಕತ್ತೆಂದು ಹೇಳಿಕೊಂಡು ರಾಗಿಯ ತೆನೆ, ಜೋಳದ ತೆನೆಗಳ ಚಿತ್ರ ಹಾಕಿದ ಪೊಟ್ಟಣದ ಹಿಂಭಾಗದಲ್ಲಿ ಹೀಗಿದೆ ಎಂದುಕೊಳ್ಳೋಣ:

"ಮೈದಾ (ಶೇ. 52), ಸಕ್ಕರೆ, ತಾಳೆ ಎಣ್ಣೆ, ಗೋಧಿ ಹಿಟ್ಟು (ಶೇ. 8), ಬಹುಧಾನ್ಯ ಮಿಶ್ರಣ (ಶೇ. 5) [ಓಟ್ಸ್, ರಾಗಿ, ಜೋಳ, ಮೆಕ್ಕೆಜೋಳ, ಬಾರ್ಲಿ], ಇನ್ವರ್ಟ್ ಸಿರಪ್, ಉಪ್ಪು, ಹಾಲಿನ ಘನಾಂಶ, ಉಬ್ಬಿಸುವ ಪದಾರ್ಥಗಳು, ಎಮಲ್ಸಿಫೈಯರ್, ಸುವಾಸನೆ."

ಕೋಷ್ಟಕ: 100 ಗ್ರಾಂಗೆ ಶಕ್ತಿ 473 ಕಿಲೋಕ್ಯಾಲರಿ, ಒಟ್ಟು ಸಕ್ಕರೆ 20 ಗ್ರಾಂ, ಸೇರಿಸಿದ ಸಕ್ಕರೆ 19 ಗ್ರಾಂ, ಕೊಬ್ಬು 17 ಗ್ರಾಂ, ನಾರಿನಂಶ 3 ಗ್ರಾಂ, ಸೋಡಿಯಂ 300 ಮಿಲಿಗ್ರಾಂ.

ಮೊದಲು ಐದು ಧಾನ್ಯಗಳನ್ನು ನೋಡೋಣ. ಐದೂ ಕೂಡಿ ಶೇ. 5. ಒಂದು ಸಲಕ್ಕೆ ತಿನ್ನುವ ನಾಲ್ಕು ಬಿಸ್ಕತ್ತುಗಳ ತೂಕ 30 ಗ್ರಾಂ ಎಂದಾದರೆ, ಅದರಲ್ಲಿ ಐದು ಧಾನ್ಯಗಳೂ ಸೇರಿ ಒಂದೂವರೆ ಗ್ರಾಂ. ಇನ್ನು ರಾಗಿ ಎಷ್ಟು? ಅದರ ಪ್ರಮಾಣವನ್ನು ಪ್ರತ್ಯೇಕವಾಗಿ ಹೇಳಿಲ್ಲ. ಆದರೆ ಆವರಣದೊಳಗೂ ಇಳಿಕೆಯ ಕ್ರಮವನ್ನೇ ಅನುಸರಿಸುವುದರಿಂದ, ಎರಡನೆಯ ಸ್ಥಾನದಲ್ಲಿರುವ ರಾಗಿ ಮೊದಲನೆಯದಾದ ಓಟ್ಸಿಗಿಂತ ಹೆಚ್ಚಿರಲಾರದು. ಎಂದರೆ ಒಟ್ಟು ಮಿಶ್ರಣದ ಅರ್ಧಕ್ಕಿಂತ, ಶೇ. 2.5ಕ್ಕಿಂತ, ಹೆಚ್ಚಿರಲು ಸಾಧ್ಯವೇ ಇಲ್ಲ. ಇದೇ ತರ್ಕದಲ್ಲಿ ಮೂರನೆಯದಾದ ಜೋಳ ಮಿಶ್ರಣದ ಮೂರನೆಯ ಒಂದು ಭಾಗವನ್ನು, ನಾಲ್ಕನೆಯದಾದ ಮೆಕ್ಕೆಜೋಳ ನಾಲ್ಕನೆಯ ಒಂದು ಭಾಗವನ್ನು ಮೀರಲಾರದು.

ರಾಗಿಗೆ ಸಿಕ್ಕ ಈ ಗರಿಷ್ಠ ಮಿತಿಯನ್ನು ಅಡುಗೆಮನೆಯ ಅಳತೆಗೆ ಇಳಿಸಿ ನೋಡಬಹುದು. ಒಂದು ಮುದ್ದೆಗೆ ಸುಮಾರು 100 ಗ್ರಾಂ ರಾಗಿ ಹಿಟ್ಟು ಬೇಕೆಂದಿಟ್ಟುಕೊಂಡರೆ, ಅಷ್ಟೇ ರಾಗಿಯನ್ನು ಈ ಬಿಸ್ಕತ್ತಿನಿಂದ ಪಡೆಯಲು ಕಡಿಮೆಯೆಂದರೂ ಸುಮಾರು 4 ಕಿಲೋ ಬಿಸ್ಕತ್ತು ತಿನ್ನಬೇಕು. ಅದರ ಜತೆಗೆ 800 ಗ್ರಾಂ ಸಕ್ಕರೆ ಮತ್ತು 680 ಗ್ರಾಂ ಕೊಬ್ಬು ಹೊಟ್ಟೆ ಸೇರುತ್ತವೆ. ಪೊಟ್ಟಣದ ಮೇಲಿನ ತೆನೆಯ ಚಿತ್ರ ಸುಳ್ಳಲ್ಲ. ಅದರ ಗಾತ್ರ ಮಾತ್ರ ಬಿಸ್ಕತ್ತಿನೊಳಗಿನ ರಾಗಿಯ ಪ್ರಮಾಣಕ್ಕೆ ಹೊಂದುವುದಿಲ್ಲ.

ಎರಡನೆಯ ಪರೀಕ್ಷೆ ನಾರಿನಂಶದ್ದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕಗಳ ಪ್ರಕಾರ 100 ಗ್ರಾಂ ಗೋಧಿ ಹಿಟ್ಟಿನಲ್ಲಿಯೂ ರಾಗಿಯಲ್ಲಿಯೂ ಸುಮಾರು 11 ಗ್ರಾಂ, ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದೆ. ಮೈದಾದಲ್ಲಿ ಅದು 3 ಗ್ರಾಂಗಿಂತಲೂ ಕಡಿಮೆ. ಪೂರ್ಣ ಧಾನ್ಯಗಳಿಂದಲೇ ಮಾಡಿದ ಬಿಸ್ಕತ್ತಾಗಿದ್ದರೆ, ಸಕ್ಕರೆ ಮತ್ತು ಎಣ್ಣೆಯ ಪಾಲನ್ನು ಕಳೆದರೂ, ನಾರಿನಂಶ 6–7 ಗ್ರಾಂನ ಆಸುಪಾಸಿನಲ್ಲಿ ಇರಬೇಕಾಗಿತ್ತು. ನಮ್ಮ ಮಾದರಿಯಲ್ಲಿರುವುದು 3 ಗ್ರಾಂ. ಇದು ಮೈದಾ ಬಿಸ್ಕತ್ತು ಎಂಬುದನ್ನು ಆ ಒಂದು ಸಂಖ್ಯೆಯೇ ಸಾರುತ್ತದೆ.

ಇಲ್ಲಿ ಗಮನಿಸಬೇಕಾದ ಸ್ವಾರಸ್ಯವೊಂದಿದೆ. 2018ರ ನಿಯಮಾವಳಿಯ ಪ್ರಕಾರ 100 ಗ್ರಾಂ ಘನ ಆಹಾರದಲ್ಲಿ 3 ಗ್ರಾಂ ನಾರಿನಂಶವಿದ್ದರೆ 'ನಾರಿನಂಶದ ಮೂಲ' ಎಂದೂ, 6 ಗ್ರಾಂ ಇದ್ದರೆ 'ಅಧಿಕ ನಾರಿನಂಶ' ಎಂದೂ ಹೇಳಿಕೊಳ್ಳಬಹುದು. ನಮ್ಮ ಮೈದಾ ಬಿಸ್ಕತ್ತು ಮೊದಲನೆಯ ಹೇಳಿಕೆಗೆ ಕಾನೂನುಬದ್ಧವಾಗಿಯೇ ಅರ್ಹವಾಗುತ್ತದೆ! 'ಸೋರ್ಸ್ ಆಫ್ ಫೈಬರ್' ಮತ್ತು 'ಹೈ ಫೈಬರ್' ಎಂಬ ಎರಡು ಮಾತುಗಳ ನಡುವೆ ಇಮ್ಮಡಿ ಅಂತರವಿದೆ ಎಂಬುದನ್ನು ನೆನಪಿಡುವುದು ಒಳಿತು. ಹಾಗೆಯೇ, ಪಟ್ಟಿಯಲ್ಲಿ ಗೋಧಿ ಹೊಟ್ಟನ್ನೋ ಇನ್ಯುಲಿನ್ ಎಂಬ ನಾರನ್ನೋ ಪ್ರತ್ಯೇಕವಾಗಿ ಸೇರಿಸಿದ್ದರೆ ಮೈದಾ ಬಿಸ್ಕತ್ತಿನಲ್ಲಿಯೂ ನಾರಿನಂಶ ಏರಿರುತ್ತದೆ. ಆದುದರಿಂದ ಸಂಖ್ಯೆ ನೋಡಿದ ಬಳಿಕ ಪಟ್ಟಿಗೆ ಮರಳಬೇಕು.

ಮೂರನೆಯ ಪರೀಕ್ಷೆ ಉಪ್ಪಿನದು. ಸೋಡಿಯಂ ಪ್ರಮಾಣವನ್ನು ಎರಡೂವರೆಯಿಂದ ಗುಣಿಸಿದರೆ ಗರಿಷ್ಠ ಉಪ್ಪು ಎಷ್ಟಿರಬಹುದೆಂದು ತಿಳಿಯುತ್ತದೆ. 300 ಮಿಲಿಗ್ರಾಂ ಸೋಡಿಯಂ ಎಂದರೆ 100 ಗ್ರಾಂ ಬಿಸ್ಕತ್ತಿನಲ್ಲಿ ಹೆಚ್ಚೆಂದರೆ 0.75 ಗ್ರಾಂ ಉಪ್ಪು. ಅಡುಗೆ ಸೋಡಾದಲ್ಲಿಯೂ ಸೋಡಿಯಂ ಇರುವುದರಿಂದ ನಿಜವಾದ ಉಪ್ಪು ಇದಕ್ಕಿಂತಲೂ ಕಡಿಮೆಯೇ. ನಮ್ಮ ಪಟ್ಟಿಯಲ್ಲಿ ಹಾಲಿನ ಘನಾಂಶ ಉಪ್ಪಿನ ನಂತರ ಬಂದಿದೆ. ಎಂದರೆ ಬಿಸ್ಕತ್ತಿನಲ್ಲಿ ಹಾಲಿನ ಪಾಲು ಶೇ. 0.75ನ್ನು ದಾಟದು. ಬಾದಾಮಿ, ಜೇನುತುಪ್ಪ, ಅಗಸೆ ಬೀಜ, ತುಳಸಿ — ಯಾವುದೇ ಆಗಲಿ, ಉಪ್ಪಿನ ನಂತರ ಬಂದಿದ್ದರೆ ಅದು ಹೆಸರಿಗಷ್ಟೇ ಇದೆ ಎಂದು ಭಾವಿಸಬಹುದು. ಉಪ್ಪಿನಕಾಯಿ, ಚಕ್ಕುಲಿಯಂತಹ ಉಪ್ಪು ಹೆಚ್ಚಿರುವ ಪದಾರ್ಥಗಳಿಗೆ ಈ ಗೆರೆ ಅಷ್ಟು ಉಪಯುಕ್ತವಲ್ಲ.

ಹರಿದು ಹಂಚಿದ ಸಕ್ಕರೆ

ಪಟ್ಟಿಯ ಮೊದಲ ಹೆಸರು ಒಳ್ಳೆಯದಿದ್ದರೆ ಸಾಕೆಂದು ಹೇಳುವವರುಂಟು. ಈ ಸಲಹೆ ಎಲ್ಲ ಸಂದರ್ಭಗಳಿಗೂ ಒಗ್ಗುವುದಿಲ್ಲ. ಓಟ್ಸ್ ಬಾರ್ ಒಂದರ ಪಟ್ಟಿ "ಓಟ್ಸ್ (ಶೇ. 28), ಸಕ್ಕರೆ, ಲಿಕ್ವಿಡ್ ಗ್ಲೂಕೋಸ್, ಬೆಲ್ಲ, ಜೇನುತುಪ್ಪ..." ಎಂದು ಆರಂಭವಾಗುತ್ತದೆ ಎನ್ನಿ. ನಾಲ್ಕು ಸಿಹಿಗಳಲ್ಲಿ ಪ್ರತಿಯೊಂದೂ ಶೇ. 28ಕ್ಕಿಂತ ಹೆಚ್ಚಿಲ್ಲವಾದ್ದರಿಂದ ಓಟ್ಸ್ ಮೊದಲ ಸ್ಥಾನ ಗಿಟ್ಟಿಸಿಕೊಂಡಿದೆ. ನಾಲ್ಕನ್ನೂ ಕೂಡಿಸಿದರೆ? ಅದಕ್ಕೆ ಉತ್ತರ ಕೋಷ್ಟಕದಲ್ಲಿದೆ. ಸೇರಿಸಿದ ಸಕ್ಕರೆ 33 ಗ್ರಾಂ ಎಂದಿದ್ದರೆ ಆ ಬಾರಿನಲ್ಲಿ ಓಟ್ಸಿಗಿಂತ ಸಕ್ಕರೆಯೇ ಹೆಚ್ಚು. ಒಂದೇ ಸಿಹಿಯನ್ನು ಬಳಸಿದ್ದರೆ ಸಕ್ಕರೆಯ ಹೆಸರು ಮೊದಲು ಬರುತ್ತಿತ್ತು.

ಬೆಲ್ಲದ ಬಗ್ಗೆ ಒಂದು ಮಾತು. ಬೆಲ್ಲದ ಬಹುಪಾಲು, ಶೇ. 80ಕ್ಕೂ ಹೆಚ್ಚು, ಸಕ್ಕರೆಯೇ ಆಗಿದೆ. ಜೇನುತುಪ್ಪದಲ್ಲಿಯೂ ಸ್ಥಿತಿ ಹೆಚ್ಚು ಬೇರೆಯಲ್ಲ. 'ನೋ ರಿಫೈನ್ಡ್ ಶುಗರ್' ಎಂಬ ಹೇಳಿಕೆ ಬಿಳಿಯ ಸಕ್ಕರೆ ಬಳಸಿಲ್ಲವೆಂದಷ್ಟೇ ಸಾರುತ್ತದೆ. ಅದನ್ನು 'ಸಕ್ಕರೆ ಸೇರಿಸಿಲ್ಲ' ಎಂದು ಓದಿಕೊಳ್ಳುವುದು ಮಧುಮೇಹಿಗಳಿಗೆ ಅಪಾಯಕರ.

'ನೋ ಆಡೆಡ್ ಶುಗರ್': ಸಕ್ಕರೆ ಇಲ್ಲ, ಪಿಷ್ಟ ಇದೆ

ಈ ಹೇಳಿಕೆಗೆ ಕಾನೂನು ನಾಲ್ಕು ಷರತ್ತುಗಳನ್ನು ವಿಧಿಸಿದೆ. ಯಾವುದೇ ಬಗೆಯ ಸಕ್ಕರೆ, ಗ್ಲೂಕೋಸ್, ಜೇನುತುಪ್ಪ, ಕಾಕಂಬಿ, ಸಿರಪ್‌ಗಳನ್ನು ಸೇರಿಸಿರಬಾರದು. ಜಾಮ್, ಸಿಹಿ ಚಾಕೊಲೇಟ್, ಸಕ್ಕರೆ ಪಾಕದ ಹಣ್ಣಿನ ಚೂರುಗಳಂತಹ, ಸ್ವತಃ ಸಕ್ಕರೆ ಒಳಗೊಂಡ ಪದಾರ್ಥಗಳನ್ನೂ ಬಳಸಿರಬಾರದು. ಸಕ್ಕರೆಯ ಬದಲಿಗೆ ಸಿಹಿ ಕೊಡುವ ಗಟ್ಟಿಗೊಳಿಸಿದ ಹಣ್ಣಿನ ರಸ, ಒಣಹಣ್ಣಿನ ಪೇಸ್ಟ್‌ಗಳೂ ಸಲ್ಲವು. ಕಿಣ್ವಗಳ ಮೂಲಕ ಪಿಷ್ಟವನ್ನು ಒಡೆದು ಸಕ್ಕರೆಯನ್ನು ಹೆಚ್ಚಿಸುವಂತೆಯೂ ಇಲ್ಲ. ಆಹಾರದಲ್ಲಿ ಸಹಜವಾಗಿಯೇ ಸಕ್ಕರೆಯಿದ್ದರೆ, ಆ ಸಂಗತಿಯನ್ನು ಲೇಬಲ್‌ನ ಮೇಲೆ ತಿಳಿಸಬೇಕು.

ಮೂರನೆಯ ಷರತ್ತನ್ನು ಓದುಗರು ಪಟ್ಟಿಯೊಂದರಿಂದಲೇ ಪರಿಶೀಲಿಸಬಹುದು. 'ಸಕ್ಕರೆ ಸೇರಿಸಿಲ್ಲ' ಎಂದು ಮುಂಭಾಗದಲ್ಲಿ ಸಾರಿ, ಹಿಂಭಾಗದಲ್ಲಿ "ಖರ್ಜೂರದ ಪೇಸ್ಟ್ (ಶೇ. 45)" ಎಂದು ಮುದ್ರಿಸಿದ ಲಡ್ಡು ಅಥವಾ ಬಾರ್ ಕೈಗೆ ಬಂದರೆ, ಆ ಪೇಸ್ಟು ಸಿಹಿಗಾಗಿಯೇ ಬಂದಿದೆ ಎಂಬುದು ಸ್ಪಷ್ಟ. ಖರ್ಜೂರ ಒಳ್ಳೆಯ ಹಣ್ಣೇ ಹೌದು. ಆದರೆ ಒಣ ಖರ್ಜೂರದ ತೂಕದ ಅರ್ಧಕ್ಕಿಂತ ಹೆಚ್ಚು ಸಕ್ಕರೆ. ಕೋಷ್ಟಕದಲ್ಲಿ ಸೇರಿಸಿದ ಸಕ್ಕರೆ ಸೊನ್ನೆ ಎಂದಿದ್ದರೂ ಪಕ್ಕದ ಸಾಲಿನಲ್ಲಿ ಒಟ್ಟು ಸಕ್ಕರೆ 30–35 ಗ್ರಾಂ ಎಂದಿರುತ್ತದೆ. ನೋಡಬೇಕಾದ ಸಾಲು ಅದು.

ತಂದೆಯವರು ತಿನ್ನುತ್ತಿದ್ದ ಬಿಸ್ಕತ್ತಿನ ಬಗೆ ಬೇರೆ. ಅಂತಹ ಬಿಸ್ಕತ್ತಿನ ಪಟ್ಟಿ ಸಾಮಾನ್ಯವಾಗಿ ಹೀಗಿರುತ್ತದೆ: "ಮೈದಾ, ತಾಳೆ ಎಣ್ಣೆ, ಮಾಲ್ಟಿಟಾಲ್ (ಐಎನ್‌ಎಸ್ 965), ಗೋಧಿ ಹೊಟ್ಟು, ಮಾಲ್ಟೋಡೆಕ್ಸ್ಟ್ರಿನ್, ಹಾಲಿನ ಘನಾಂಶ, ಉಪ್ಪು, ಸುಕ್ರಲೋಸ್ (ಐಎನ್‌ಎಸ್ 955)." ಕೋಷ್ಟಕದಲ್ಲಿ 100 ಗ್ರಾಂಗೆ ಪ್ರೋಟೀನ್ 8 ಗ್ರಾಂ, ಕಾರ್ಬೋಹೈಡ್ರೇಟ್ 68 ಗ್ರಾಂ, ಅದರಲ್ಲಿ ಸಕ್ಕರೆ 1.5 ಗ್ರಾಂ, ಪಾಲಿಯಾಲ್ 14 ಗ್ರಾಂ, ಕೊಬ್ಬು 19 ಗ್ರಾಂ ಎಂದಿಟ್ಟುಕೊಳ್ಳೋಣ.

ಇಲ್ಲಿ ಸುಳ್ಳು ಎಲ್ಲಿಯೂ ಇಲ್ಲ. ಸಕ್ಕರೆಯ ಜಾಗಕ್ಕೆ ಮಾಲ್ಟಿಟಾಲ್ ಬಂದಿದೆ. ಅದು ಪಾಲಿಯಾಲ್ ಎಂಬ ವರ್ಗಕ್ಕೆ ಸೇರಿದ ಸಿಹಿ. ಗ್ರಾಂಗೆ 4ರ ಬದಲು 2.4 ಕಿಲೋಕ್ಯಾಲರಿ ಕೊಡುತ್ತದೆ. ಭಾಗಶಃ ಮಾತ್ರ ಹೀರಲ್ಪಡುವುದರಿಂದ ರಕ್ತದ ಸಕ್ಕರೆಯನ್ನು ಸಕ್ಕರೆಯಷ್ಟು ಏರಿಸುವುದಿಲ್ಲ. ಹೀರಲ್ಪಡದ ಭಾಗ ದೊಡ್ಡ ಕರುಳಿಗೆ ಹೋಗುವುದರಿಂದ ಹೆಚ್ಚು ತಿಂದರೆ ಹೊಟ್ಟೆ ಉಬ್ಬರ, ಭೇದಿ ಉಂಟಾಗಬಹುದು. ಪಾಲಿಯಾಲ್ ಶೇ. 10 ಅಥವಾ ಹೆಚ್ಚಿದ್ದರೆ ಈ ಎಚ್ಚರಿಕೆಯನ್ನು ಮುದ್ರಿಸಲೇಬೇಕು.

ಆದರೆ ಕಾರ್ಬೋಹೈಡ್ರೇಟಿನ ಸಾಲನ್ನು ನೋಡಿ. 68 ಗ್ರಾಂನಿಂದ ಪಾಲಿಯಾಲ್ 14, ಸಕ್ಕರೆ 1.5, ಹೊಟ್ಟಿನ ನಾರು ಸುಮಾರು 3 ಗ್ರಾಂ ಕಳೆದರೆ ಉಳಿಯುವುದು ಸುಮಾರು 50 ಗ್ರಾಂ. ಅದು ಮೈದಾದ ಪಿಷ್ಟ ಮತ್ತು ಮಾಲ್ಟೋಡೆಕ್ಸ್ಟ್ರಿನ್. ನಿಯಮದ ಪರಿಭಾಷೆಯಲ್ಲಿ 'ಸಕ್ಕರೆ' ಎಂದರೆ ಒಂದು ಅಥವಾ ಎರಡು ಕೊಂಡಿಗಳ ಶರ್ಕರಗಳು ಮಾತ್ರ. ಪಿಷ್ಟವನ್ನು ತುಂಡರಿಸಿ ಮಾಡಿದ ಮಾಲ್ಟೋಡೆಕ್ಸ್ಟ್ರಿನ್‌ನ ಕೊಂಡಿಗಳು ಹೆಚ್ಚಿರುವುದರಿಂದ ಅದರ ಬಹುಪಾಲು ಸಕ್ಕರೆಯ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಜೀರ್ಣಾಂಗ ಮಾತ್ರ ಈ ಪರಿಭಾಷೆಯನ್ನು ಅರಿಯದು. ಮೈದಾದ ಪಿಷ್ಟವನ್ನೂ ಮಾಲ್ಟೋಡೆಕ್ಸ್ಟ್ರಿನ್ನನ್ನೂ ಅದು ಬೇಗನೆ ಗ್ಲೂಕೋಸ್ ಆಗಿ ಒಡೆದು ರಕ್ತಕ್ಕೆ ಕಳುಹಿಸುತ್ತದೆ.

ತಂದೆಯವರ ಲೆಕ್ಕ ಹೀಗಾಯಿತು. ಎರಡು ಹೊತ್ತಿನ ಎಂಟು ಬಿಸ್ಕತ್ತುಗಳ ತೂಕ 60 ಗ್ರಾಂ; ಅದರಿಂದ ದಿನಕ್ಕೆ ಸುಮಾರು 30 ಗ್ರಾಂ ಪಿಷ್ಟ. ಮೊದಲು ತಿನ್ನುತ್ತಿದ್ದ ಮಾಮೂಲು ಬಿಸ್ಕತ್ತು ಎರಡು, 15 ಗ್ರಾಂ. ಅದರ 100 ಗ್ರಾಂನಲ್ಲಿ ಸಕ್ಕರೆ ಮತ್ತು ಪಿಷ್ಟ ಕೂಡಿ 70 ಗ್ರಾಂ ಎಂದರೂ, ಎರಡರಿಂದ ಬರುತ್ತಿದ್ದುದು 11 ಗ್ರಾಂಗಿಂತ ಕಡಿಮೆ. 'ಸಕ್ಕರೆ ಸೇರಿಸಿಲ್ಲ' ಎಂಬ ಭರವಸೆಯಿಂದಾಗಿ ಗ್ಲೂಕೋಸ್ ಆಗುವ ಅಂಶ ಸುಮಾರು ಮೂರು ಪಟ್ಟಾಗಿತ್ತು.

ಶಕ್ತಿಯ ಸಾಲನ್ನೂ ಹೋಲಿಸಬಹುದು. ಮೇಲಿನ ಅಂಕಿಗಳಿಂದ ಲೆಕ್ಕ ಹಾಕಿದರೆ ಈ ಬಿಸ್ಕತ್ತಿನ 100 ಗ್ರಾಂನಲ್ಲಿ ಸುಮಾರು 453 ಕಿಲೋಕ್ಯಾಲರಿ ಇದೆ. ಹಿಂದೆ ನೋಡಿದ ಬಹುಧಾನ್ಯ ಬಿಸ್ಕತ್ತಿನಲ್ಲಿ 473. ನಾಲ್ಕು ಬಿಸ್ಕತ್ತುಗಳಿಗೆ ವ್ಯತ್ಯಾಸ ಬರೀ 6 ಕಿಲೋಕ್ಯಾಲರಿ. ಸಕ್ಕರೆ ತೆಗೆದ ಜಾಗವನ್ನು ಎಣ್ಣೆ ಮತ್ತು ಪಿಷ್ಟ ತುಂಬಿವೆ. ಆದುದರಿಂದ ಮಧುಮೇಹವಿರುವವರು ಸಕ್ಕರೆಯ ಸಾಲಿಗೆ ನಿಲ್ಲದೆ ಒಟ್ಟು ಕಾರ್ಬೋಹೈಡ್ರೇಟಿನ ಸಾಲನ್ನು ಓದಬೇಕು. ತೂಕ ಇಳಿಸಬೇಕೆನ್ನುವವರು ಶಕ್ತಿಯ ಸಾಲನ್ನು ಓದಬೇಕು. 'ಶುಗರ್ ಫ್ರೀ' ಎಂಬ ಇನ್ನೊಂದು ಹೇಳಿಕೆಯ ಅರ್ಥ 100 ಗ್ರಾಂಗೆ ಸಕ್ಕರೆ ಅರ್ಧ ಗ್ರಾಂ ಮೀರಿಲ್ಲವೆಂದು. ಅದಕ್ಕೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

'ನ್ಯಾಚುರಲ್': ಬಿಸ್ಕತ್ತಿಗೆ ಸಲ್ಲದ ಪದ

ಇದು ಅರ್ಥವೇ ಇಲ್ಲದ ಜಾಹೀರಾತಿನ ಪದವೆಂದು ಅನೇಕರು ತಿಳಿದಿದ್ದಾರೆ. ಭಾರತದ ನಿಯಮದಲ್ಲಿ ಅದಕ್ಕೆ ಸಾಕಷ್ಟು ಬಿಗಿಯಾದ ಅರ್ಥವಿದೆ. ಸಸ್ಯ, ಪ್ರಾಣಿ, ಖನಿಜ ಅಥವಾ ಸೂಕ್ಷ್ಮಜೀವಿ ಮೂಲದ ಒಂದೇ ಆಹಾರವಾಗಿದ್ದು, ಅದಕ್ಕೆ ಬೇರೇನನ್ನೂ ಸೇರಿಸದೆ, ಹುರಿಯುವುದು, ಒಣಗಿಸುವುದು, ಶೈತ್ಯೀಕರಣ, ಪಾಶ್ಚರೀಕರಣದಂತಹ ಸರಳ ಸಂಸ್ಕರಣೆಗಷ್ಟೇ ಒಳಪಡಿಸಿದ್ದರೆ ಮಾತ್ರ ಅದನ್ನು 'ನ್ಯಾಚುರಲ್' ಎನ್ನಬಹುದು. ಹಲವು ಪದಾರ್ಥಗಳನ್ನು ಬೆರೆಸಿ ಮಾಡಿದ ಆಹಾರವನ್ನು ನೇರವಾಗಿಯಾಗಲಿ ಸೂಚ್ಯವಾಗಿಯಾಗಲಿ ಹಾಗೆ ಕರೆಯುವಂತಿಲ್ಲ. ಬೆರೆಸಿದ ಪದಾರ್ಥಗಳೆಲ್ಲವೂ, ಸೇರ್ಪಡೆಗಳೂ ಸಹ, ಈ ವ್ಯಾಖ್ಯೆಗೆ ಒಳಪಟ್ಟರೆ 'ನೈಸರ್ಗಿಕ ಪದಾರ್ಥಗಳಿಂದ ತಯಾರಿಸಿದ್ದು' ಎನ್ನಬಹುದು, ಅಷ್ಟೆ.

ಹೀಗಾಗಿ ಪರೀಕ್ಷೆ ಸುಲಭ. ಪೊಟ್ಟಣದ ಮೇಲೆ ಆ ಪದ ಕಂಡೊಡನೆ ಹಿಂಭಾಗದ ಪಟ್ಟಿಯಲ್ಲಿ ಎಷ್ಟು ಹೆಸರುಗಳಿವೆ ಎಣಿಸಿರಿ. ಒಂದೇ ಇದ್ದರೆ ಪದ ಸಲ್ಲುತ್ತದೆ. ಹಲವಿದ್ದು, ಕೊನೆಯಲ್ಲಿ ಎಮಲ್ಸಿಫೈಯರ್, ಸಂರಕ್ಷಕ, 'ನೇಚರ್ ಐಡೆಂಟಿಕಲ್ ಫ್ಲೇವರಿಂಗ್ ಸಬ್‌ಸ್ಟೆನ್ಸಸ್' ಎಂಬ ಮಾತುಗಳಿದ್ದರೆ ಸಲ್ಲುವುದಿಲ್ಲ. ಈ ಕೊನೆಯ ಮಾತಿನಲ್ಲಿ 'ನೇಚರ್' ಇದ್ದರೂ, ಅದು ಸೂಚಿಸುವುದು ರಾಸಾಯನಿಕವಾಗಿ ಬೇರ್ಪಡಿಸಿದ ಅಥವಾ ಕೃತಕವಾಗಿ ತಯಾರಿಸಿದ, ರಚನೆಯಲ್ಲಿ ಮಾತ್ರ ನಿಸರ್ಗದ ಪದಾರ್ಥವನ್ನು ಹೋಲುವ ಸುವಾಸನೆಯನ್ನು.

ಕಂಪನಿಗಳು ಈ ನಿಯಮವನ್ನು ದಾಟುವುದು ಹೆಸರಿನ ಮೂಲಕ. ಬ್ರಾಂಡಿನ ಹೆಸರಿನಲ್ಲಿಯೇ 'ನ್ಯಾಚುರಲ್', 'ಪ್ಯೂರ್', 'ರಿಯಲ್', 'ಫ್ರೆಶ್' ಮುಂತಾದ ಪದವಿದ್ದು, ಅದು ತಪ್ಪು ಕಲ್ಪನೆ ಕೊಡುವಂತಿದ್ದರೆ, ಇದು ಬ್ರಾಂಡಿನ ಹೆಸರು ಮಾತ್ರ, ಆಹಾರದ ನಿಜಸ್ವರೂಪವನ್ನು ಸೂಚಿಸುವುದಿಲ್ಲ ಎಂಬ ಒಕ್ಕಣೆಯನ್ನು ಕನಿಷ್ಠ 3 ಮಿಲಿಮೀಟರ್ ಎತ್ತರದ ಅಕ್ಷರಗಳಲ್ಲಿ ಮುದ್ರಿಸಬೇಕು. ಹೆಸರಿನ ಮೇಲೆ ನಕ್ಷತ್ರ ಚಿಹ್ನೆ ಕಂಡರೆ ಆ ಒಕ್ಕಣೆಯನ್ನು ಹುಡುಕಿ ಓದುವುದು ಮೇಲು.

ಹಣ್ಣಿನ ರಸದ ವಿಷಯದಲ್ಲಿ ಪ್ರಾಧಿಕಾರ 2024ರ ಜೂನ್‌ನಲ್ಲಿ ಕ್ರಮ ಕೈಗೊಂಡಿತು. ಗಟ್ಟಿಗೊಳಿಸಿದ ರಸಕ್ಕೆ ನೀರು ಬೆರೆಸಿ ಮತ್ತೆ ತಯಾರಿಸಿದ ರಸವನ್ನು 'ಶೇ. 100 ಹಣ್ಣಿನ ರಸ' ಎಂದು ಕರೆಯುವುದು ದಾರಿತಪ್ಪಿಸುವಂತಹುದೆಂದು ಹೇಳಿ, ಲೇಬಲ್ ಮತ್ತು ಜಾಹೀರಾತುಗಳಿಂದ ಆ ಮಾತನ್ನು ತೆಗೆದುಹಾಕುವಂತೆ ಆದೇಶಿಸಿತು. ಅಂತಹ ಪೊಟ್ಟಣಗಳ ಪಟ್ಟಿಯಲ್ಲಿ ಮೊದಲ ಪದಾರ್ಥ ನೀರೇ ಆಗಿರುವುದನ್ನು ಓದುಗರು ಗಮನಿಸಬಹುದು.

ಪಟ್ಟಿ ಹೇಳದ ಸಂಗತಿಗಳು

ಈ ಓದಿಗೆ ಮಿತಿಗಳೂ ಇವೆ. ಪಟ್ಟಿಯ ತೂಕ ತಯಾರಿಕೆಯ ಹೊತ್ತಿನದು. ಬೇಯುವಾಗ ನೀರು ಆರುವುದರಿಂದ ಸಿದ್ಧ ಬಿಸ್ಕತ್ತಿನಲ್ಲಿ ಶೇಕಡಾವಾರು ಸ್ವಲ್ಪ ಹೆಚ್ಚಿರುತ್ತದೆ. ಹೀಗಾಗಿ ಮೇಲಿನ ಲೆಕ್ಕಗಳು ಅಂದಾಜುಗಳೇ ಹೊರತು ಪ್ರಯೋಗಾಲಯದ ವರದಿಯಲ್ಲ. ಶೇ. 5ಕ್ಕಿಂತ ಕಡಿಮೆ ಇರುವ ಮಿಶ್ರ ಪದಾರ್ಥದೊಳಗೆ ಏನೇನಿದೆ ಎಂಬುದನ್ನು ಬಿಡಿಸಿ ಹೇಳಬೇಕಾದ ಕಡ್ಡಾಯ ಕಂಪನಿಗಿಲ್ಲ. ಕಲಬೆರಕೆಯಾಗಲಿ, ಕೀಟನಾಶಕದ ಶೇಷವಾಗಲಿ ಪಟ್ಟಿಯಲ್ಲಿ ಕಾಣಿಸದು. ಬೇಕರಿಯಲ್ಲಿ ಕಣ್ಣೆದುರಿಗೆ ಕಾಗದದಲ್ಲಿ ಕಟ್ಟಿಕೊಡುವ 'ರಾಗಿ ಬಿಸ್ಕತ್ತಿ'ಗೆ ಪಟ್ಟಿಯೇ ಇರುವುದಿಲ್ಲ. ಅಲ್ಲಿ ಮೈದಾ ಎಷ್ಟು, ರಾಗಿ ಎಷ್ಟು ಎಂದು ಬಾಯಿಬಿಟ್ಟು ಕೇಳುವುದೊಂದೇ ದಾರಿ.

ತಪ್ಪು ಕಂಡರೆ ಏನು ಮಾಡಬೇಕು?

ಪೊಟ್ಟಣವನ್ನು ಎಸೆಯಬೇಡಿ. ಮುಂಭಾಗದ ಹೇಳಿಕೆ, ಪದಾರ್ಥಗಳ ಪಟ್ಟಿ, ಕೋಷ್ಟಕ, ಬ್ಯಾಚ್ ಸಂಖ್ಯೆ ಮತ್ತು 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ — ಇವಿಷ್ಟೂ ಕಾಣುವಂತೆ ಛಾಯಾಚಿತ್ರ ತೆಗೆದು, ಖರೀದಿಯ ರಸೀದಿಯೊಡನೆ ಪ್ರಾಧಿಕಾರದ 'ಫುಡ್ ಸೇಫ್ಟಿ ಕನೆಕ್ಟ್' ವ್ಯವಸ್ಥೆಯಲ್ಲಿ ದೂರು ಸಲ್ಲಿಸಬಹುದು. ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗಳಿಗೂ ಬರೆದುಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಹೇಳಿಕೆ ಯಾವುದು, ಪಟ್ಟಿಯ ಯಾವ ಪದಾರ್ಥ ಅದಕ್ಕೆ ವಿರುದ್ಧವಾಗಿದೆ ಎಂಬುದನ್ನು ಎರಡೇ ಸಾಲುಗಳಲ್ಲಿ ಸ್ಪಷ್ಟಪಡಿಸಿದರೆ ದೂರು ಗಟ್ಟಿಯಾಗುತ್ತದೆ.

ಕಾಯಿದೆಯ 40ನೆಯ ಕಲಮಿನ ಪ್ರಕಾರ ಖರೀದಿಸಿದವರು ಸ್ವತಃ ಶುಲ್ಕ ಕೊಟ್ಟು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಉಲ್ಲಂಘನೆ ಸಾಬೀತಾದರೆ ಶುಲ್ಕ ಮರಳುತ್ತದೆ. ತಪ್ಪು ಲೇಬಲ್ ಹಚ್ಚಿದ ಆಹಾರಕ್ಕೆ 3 ಲಕ್ಷ ರೂಪಾಯಿಗಳವರೆಗೆ, ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ.

ಪೊಟ್ಟಣದ ಪದಗಳು: ಕಿರು ಅರ್ಥಸೂಚಿ

ರಿಫೈನ್ಡ್ ವೀಟ್ ಫ್ಲೋರ್: ಮೈದಾ. 'ವೀಟ್' ಎಂಬ ಪದ ಕಂಡು ಗೋಧಿ ಹಿಟ್ಟೆಂದು ತಿಳಿಯಬಾರದು.
ಹೋಲ್ ವೀಟ್ ಫ್ಲೋರ್ ಅಥವಾ ಆಟಾ: ಹೊಟ್ಟು ಸಹಿತವಾದ ಗೋಧಿ ಹಿಟ್ಟು.
ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಕಾರ್ನ್ ಸಿರಪ್, ಡೆಕ್ಸ್ಟ್ರೋಸ್, ಫ್ರಕ್ಟೋಸ್, ಮೊಲಾಸಸ್: ಎಲ್ಲವೂ ಸಕ್ಕರೆಯ ರೂಪಗಳು.
ಮಾಲ್ಟೋಡೆಕ್ಸ್ಟ್ರಿನ್: ತುಂಡರಿಸಿದ ಪಿಷ್ಟ, ಸಕ್ಕರೆಯ ಸಾಲಿನಲ್ಲಿ ಬಹುಮಟ್ಟಿಗೆ ಕಾಣಿಸದು, ರಕ್ತದಲ್ಲಿ ಕಾಣಿಸುತ್ತದೆ.
ಮಾಲ್ಟಿಟಾಲ್ (965), ಸಾರ್ಬಿಟಾಲ್ (420): ಪಾಲಿಯಾಲ್‌ಗಳು, ಕಡಿಮೆ ಕ್ಯಾಲರಿಯ ಸಿಹಿಗಳು.
ಸುಕ್ರಲೋಸ್ (955), ಆಸ್ಪರ್ಟೇಮ್ (951), ಅಸೆಸಲ್ಫೇಮ್ ಪೊಟ್ಯಾಸಿಯಂ (950), ಸ್ಟೀವಿಯಾ ಸಾರ (960): ಅತ್ಯಲ್ಪ ಪ್ರಮಾಣದಲ್ಲಿಯೇ ಸಿಹಿ ಕೊಡುವ ಪದಾರ್ಥಗಳು.
ಕ್ಯಾರಮೆಲ್ (150ಎ ಇಂದ 150ಡಿ): ಕಂದು ಬಣ್ಣ. ಬ್ರೆಡ್ಡು ಕಂದಾಗಿದ್ದರೆ ಅದು ಗೋಧಿ ಹೊಟ್ಟಿನಿಂದಲೋ ಈ ಬಣ್ಣದಿಂದಲೋ ಎಂದು ಇಲ್ಲಿ ತಿಳಿಯುತ್ತದೆ.
ಮಿಲ್ಕ್ ಸಾಲಿಡ್ಸ್: ಹಾಲಿನ ಪುಡಿ ಮುಂತಾದ ಹಾಲಿನ ಘನಾಂಶ.

ತಂದೆಯವರು ಈಗ ಮತ್ತೆ ಮಾಮೂಲು ಬಿಸ್ಕತ್ತಿಗೆ ಮರಳಿದ್ದಾರೆ: ಬೆಳಿಗ್ಗೆ ಎರಡು, ಸಂಜೆ ಇಲ್ಲ. ಅಂಗಡಿಯಲ್ಲಿ ಹೊಸ ಪೊಟ್ಟಣ ಕಂಡರೆ ಅದನ್ನು ತಿರುಗಿಸಿ, ಕನ್ನಡಕ ಏರಿಸಿ, ಮೊದಲು ಕಾರ್ಬೋಹೈಡ್ರೇಟಿನ ಸಾಲನ್ನು ಹುಡುಕುತ್ತಾರೆ.